ಉಳಿದರ್ಧ ಹೋದದ್ದೆಲ್ಲಿಗೆ

ದಪ್ಪ ಬಟ್ಟೆಯನ್ನು ಒಂದೇ ಎಳೆತಕ್ಕೆ ಹರಿದಂತೆ ಶುರುವಾಗಿ, ತಗಡಿನ ಬಾಗಿಲನ್ನು ಯಾರೋ ಒದ್ದಂತೆ ಮುಗಿಯುವ ಸದ್ದು ಅದು. ಗಾಜಿನ ಹಿಂದೆ ಕೂತವರ ಕಿವಿಗಿಂತ ಮೊದಲು ಕುರ್ಚಿಗೆ ಗೊತ್ತಾಗುತ್ತದೆ. ಆ ಬೆಳಿಗ್ಗೆ ಸದ್ದು ಬಂದಾಗ ಎಲ್ಲರೂ ವೇಗ ತೋರಿಸುವ ಪರದೆಯತ್ತ ತಿರುಗಿದರು. ಲೆಕ್ಕದಕ್ಕ ಮಾತ್ರ ಕಣ್ಣು ಮುಚ್ಚಿಕೊಂಡಳು.

ಪ್ರಯೋಗಾಲಯದಲ್ಲಿ ಅವಳನ್ನು ಕರೆಯುವುದೇ ಹಾಗೆ. ತಲೆಗೂದಲು ಅಲ್ಲಲ್ಲಿ ನೆರೆತಿದೆ, ಮನೆಯಲ್ಲಿ ಅಮ್ಮ ಒಬ್ಬಳೇ ಜೊತೆ. ಬಸ್ಸಿನ ಕಿಟಕಿಯ ಮಂಜಿನ ಮೇಲೂ ಬೆರಳಲ್ಲಿ ಲೆಕ್ಕ ಬಿಡಿಸುವವಳು. "ನಿಮ್ಮಪ್ಪ ನಿನಗೆ ಗಂಡು ಹುಡುಕಿದ್ದೂ ಸಾಕು, ನೀನು ಬಂದ ಗಂಡುಗಳ ಸಂಬಳದಿಂದ ಎತ್ತರದವರೆಗೂ ಭಾಗಿಸಿ ನೋಡಿದ್ದೂ ಸಾಕು" ಎಂದು ಅಮ್ಮ ಈಗಲೂ ನಗಾಡುತ್ತಾಳೆ. ಲೆಕ್ಕದಕ್ಕನೂ ನಗುತ್ತಾಳೆ. ತನ್ನ ಲೆಕ್ಕ ತಪ್ಪುವುದಿಲ್ಲ ಎಂಬ ಒಂದು ಹೆಮ್ಮೆಯ ಮೇಲೆ ಅವಳ ಬದುಕು ನಿಂತಿತ್ತು.

ಅವಳು ಲೆಕ್ಕ ಹಾಕಿದ, ಗುಂಡು ಹಾರಿಸುವ ಯಂತ್ರ ನೋಡಲು ಸರಳ. ಪಕ್ಕಪಕ್ಕದಲ್ಲಿ ಎರಡು ತಾಮ್ರದ ಹಳಿಗಳು, ನಡುವೆ ಎರಡನ್ನೂ ಒತ್ತಿಕೊಂಡು ಜಾರುವ ಅಲ್ಯೂಮಿನಿಯಂ ಗುಂಡು. ಮದ್ದಿಲ್ಲ, ಬೆಂಕಿಯಿಲ್ಲ. ಕೆಪಾಸಿಟರುಗಳಲ್ಲಿ ತುಂಬಿಟ್ಟ ಕರೆಂಟು ಒಂದು ಹಳಿಯಲ್ಲಿ ಹೋಗಿ, ಗುಂಡನ್ನು ದಾಟಿ, ಇನ್ನೊಂದು ಹಳಿಯಲ್ಲಿ ಹಿಂದಿರುಗುತ್ತದೆ. ಆ ಕರೆಂಟೇ ಹಳಿಗಳ ನಡುವೆ ಕಾಂತಕ್ಷೇತ್ರ ಹುಟ್ಟಿಸುತ್ತದೆ, ಅದೇ ಕ್ಷೇತ್ರ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಗುಂಡು ಓಡುವಷ್ಟು ಹೊತ್ತೂ ಕರೆಂಟು ಒಂದೇ ಮಟ್ಟದಲ್ಲಿರುವಂತೆ ಏರ್ಪಾಡು ಮಾಡಿದ್ದರು.

ಹಳಿಗೂ ಕೆಪಾಸಿಟರಿನಿಂದ ಬರುವ ತಾಮ್ರದ ಪಟ್ಟಿಗೂ ಇರುವ ಜೋಡಣೆ ಅರದಣ್ಣನ ಕೈಕೆಲಸ. ಅವನು ಫಿಟ್ಟರು, ಅರ ಹಿಡಿದು ತಾಮ್ರ ಉಜ್ಜಲು ಕೂತನೆಂದರೆ ಎರಡು ಮುಖಗಳ ನಡುವೆ ಬೆಳಕೂ ತೂರುತ್ತಿರಲಿಲ್ಲ. "ಏನಣ್ಣ, ತಾಮ್ರಕ್ಕೆ ಕೆನ್ನೆ ಸವರ್ತಿದ್ದೀಯಾ?" ಎಂದು ಲೆಕ್ಕದಕ್ಕ ಹುಡುಗಾಟ ಮಾಡಿದರೆ, "ಸವರದಿದ್ರೆ ಮುನಿಸ್ಕೊಳ್ತದಮ್ಮ, ನಮ್ಮನೆಯವಳ ಥರ" ಎನ್ನುತ್ತಿದ್ದ.

ಕಳೆದ ಬಾರಿಯ ಪ್ರಯೋಗದಲ್ಲಿ ಎಡವಟ್ಟಾಗಿತ್ತು. ಹಳಿಗಳು ಬಿಸಿಯಾಗಿ ಹಾಳಾಗುವ ಪಾಲನ್ನು ಕಳೆದು, ಉಳಿದ ಶಕ್ತಿಯೆಲ್ಲ ಗುಂಡಿಗೇ ಸೇರಬೇಕೆಂದು ಅವಳ ಲೆಕ್ಕ. ಗುಂಡಿಗೆ ಸಿಕ್ಕಿದ್ದು ಅದರಲ್ಲಿ ಅರ್ಧ. ಸಭೆಯಲ್ಲಿ ಮುಖ್ಯಸ್ಥರು, "ಉಳಿದರ್ಧ ಎಲ್ಲಮ್ಮ? ಯಾರ ಜೇಬಲ್ಲಿದೆ?" ಎಂದರು. ಎಲ್ಲರೂ ನಕ್ಕರು. ಅವಳ ಮುಖ ಬಿಸಿಯಾಯಿತು. ಬಾಯಿಗೆ ಬಂದ ಉತ್ತರ, "ಜೋಡಣೇಲಿ ಹೋಗಿದೆ ಸಾರ್. ಇನ್ನೆಲ್ಲೂ ಹೋಗೋಕೆ ಜಾಗ ಇಲ್ಲ."

ಅರದಣ್ಣ ಬಾಗಿಲ ಬಳಿ ನಿಂತಿದ್ದ. ತನ್ನ ಅಂಗೈ ತಿರುಗಿಸಿ ನೋಡಿಕೊಂಡ.

ಅಂದು ಸಂಜೆ ಮನೆಯಲ್ಲಿ ಅಮ್ಮ ಕೇಳಿದ್ದಳು, "ಆ ಜೋಡಣೆ ಬಿಚ್ಚಿ ನೋಡಿದ್ಯಾ?"

"ನೋಡೋದೇನಮ್ಮ, ಲೆಕ್ಕವೇ ಹೇಳ್ತಿದೆಯಲ್ಲ."

ಅರದಣ್ಣನನ್ನು ಉಗ್ರಾಣಕ್ಕೆ ಹಾಕಿದರು. ಹೊರಗಿನವರು ಬಂದು ಹೊಸ ಹಳಿ, ಹೊಸ ಜೋಡಣೆ ಕೂರಿಸಿದರು. ಈಗ ಕೇಳಿಸಿದ ಸದ್ದು ಆ ಹೊಸ ಹಳಿಗಳದ್ದು.

"ಅದೇ ವೇಗ!" ಯಾರೋ ಕೂಗಿದರು.

ಅವಳು ಕಣ್ಣು ಬಿಟ್ಟಳು. ಮತ್ತೆ ಅರ್ಧ. ಹೆಚ್ಚೂಕಡಿಮೆಯಿಲ್ಲದೆ ಅದೇ ಅರ್ಧ.

"ಸರಿ ಹೋಯ್ತು, ಇವರ ಕೈಗೂ ಅದೇ ರೋಗ" ಎಂದರು ಮುಖ್ಯಸ್ಥರು. ಈ ಬಾರಿ ಅವಳಿಗೆ ನಗು ಕೇಳಿಸಲಿಲ್ಲ. ಕೆಟ್ಟ ಜೋಡಣೆ ಎರಡು ಸಲ, ಇಬ್ಬರ ಕೈಯಲ್ಲಿ, ಸಮ ಅರ್ಧವನ್ನೇ ನುಂಗುವುದುಂಟೇ?

ಕೆಪಾಸಿಟರುಗಳು ಖಾಲಿಯಾದವೆಂದು ಖಚಿತವಾದ ಮೇಲೆ ಒಳಗೆ ಹೋದಳು. ಹಳಿಯ ತುದಿಯಲ್ಲಿ, ಗುಂಡು ಹೊರಬೀಳುವ ಕಡೆ, ಕಪ್ಪು ಮಸಿ, ಕರಗಿದ ಕಲೆ. ಬುಡದ ಜೋಡಣೆ ಬಿಚ್ಚಿಸಿದಳು, ಶುಭ್ರವಾಗಿತ್ತು. ಮೂಲೆಯಲ್ಲಿ ಅರದಣ್ಣ ಕೂರಿಸಿದ್ದ ಹಳೆಯ ಪಟ್ಟಿ ಬಿದ್ದಿತ್ತು. ಎತ್ತಿ ಬೆಳಕಿಗೆ ಹಿಡಿದಳು. ಅದೂ ಶುಭ್ರ. ಅಷ್ಟು ಶಕ್ತಿ ಅಲ್ಲಿ ಶಾಖವಾಗಿದ್ದರೆ ತಾಮ್ರ ಮುದ್ದೆಯಾಗಿ ಕರಗಿರಬೇಕಿತ್ತು. ಒಮ್ಮೆ ಕಣ್ಣು ಹಾಯಿಸಿದ್ದರೆ ಗೊತ್ತಾಗುತ್ತಿತ್ತು. ಅವಳು ಹಾಯಿಸಿರಲಿಲ್ಲ.

ಅಲ್ಲೇ ನೆಲದ ಮೇಲೆ ಕೂತಳು. ಗುಂಡಿನ ಹಿಂದೆ ಕ್ಷೇತ್ರ ಪೂರ್ತಿ ಇದೆ, ಮುಂದೆ ಇಲ್ಲವೇ ಇಲ್ಲ. ಹಾಗಾದರೆ ಗುಂಡಿನೊಳಗೆ? ಹಿಂಬದಿಯ ಪೂರ್ತಿಯಿಂದ ಮುಂಬದಿಯ ಸೊನ್ನೆಯವರೆಗೆ ಅದು ಇಳಿಯುತ್ತ ಹೋಗಬೇಕು. ಗುಂಡಿನಲ್ಲಿ ಹರಿಯುವ ಕರೆಂಟಿಗೆ ತಾಗುವುದು ಸರಾಸರಿ ಅರ್ಧ. ಅವಳು ಪೂರ್ತಿ ಹಿಡಿದಿದ್ದಳು. ಲೆಕ್ಕದಲ್ಲಿ ಬಲ ಅಲ್ಲೇ ಇಮ್ಮಡಿಯಾಗಿತ್ತು.

ಉಳಿದ ಶಕ್ತಿ ಎಲ್ಲೂ ಕಳೆದಿರಲಿಲ್ಲ. ಗುಂಡು ಮುಂದೆ ಸರಿದಂತೆ ಅದರ ಹಿಂದೆ ಹಳಿಗಳ ನಡುವೆ ಜಾಗ ಬೆಳೆಯುತ್ತದೆ. ಆ ಹೊಸ ಜಾಗವನ್ನೂ ಕಾಂತಕ್ಷೇತ್ರದಿಂದ ತುಂಬಬೇಕಾದ್ದು ಮೂಲವಾದ ಕೆಪಾಸಿಟರೇ. ಕರೆಂಟು ಕದಲದೆ ಇದ್ದರೆ ಗುಂಡಿಗೆ ಎಷ್ಟು ಕೊಡುತ್ತದೋ ಕ್ಷೇತ್ರಕ್ಕೂ ಅಷ್ಟೇ ಕೊಡುತ್ತದೆ. ಯಾವ ಫಿಟ್ಟರು ಎಷ್ಟು ಉಜ್ಜಿದರೂ ಆ ಪಾಲು ತಪ್ಪದು. ಗುಂಡು ಹೊರಬಿದ್ದ ಗಳಿಗೆ ಆ ಕ್ಷೇತ್ರ ಕುಸಿದು, ಹಳಿಯ ತುದಿಯಲ್ಲಿ ಕಿಡಿಯಾಗಿ, ಸದ್ದಾಗಿ ಹೊರಬರುತ್ತದೆ. ಕಳೆದುಹೋಯಿತೆಂದು ಅವಳು ದೂರಿದ ಶಕ್ತಿ ಅವಳ ಕಿವಿಗೇ ಬಡಿದು ಹೋಗಿತ್ತು.

ಮುಖ್ಯಸ್ಥರು ಪೂರ್ತಿ ಕೇಳಿಸಿಕೊಂಡರು. "ಅಯ್ಯೋ, ಇಷ್ಟೇನಾ? ಹೊಸ ಲೆಕ್ಕ ಹಾಕಿ, ಕೆಪಾಸಿಟರು ಹೆಚ್ಚಿಸಿದರಾಯ್ತು."

"ಸಾರ್, ತಪ್ಪು ನನ್ನದು ಅಂತ ಸಭೇಲೇ ಹೇಳಬೇಕು. ಅಣ್ಣನ್ನ ವಾಪಸ್ ಕರೀಬೇಕು."

"ಹೇಳಿ, ಕರೀರಿ, ಬೇಡ ಅಂದೋರ್ಯಾರು?" ಎಂದವರು ಆಗಲೇ ಬೇರೆ ಕಾಗದ ನೋಡತೊಡಗಿದ್ದರು. ಒಬ್ಬ ಮನುಷ್ಯನನ್ನು ಕೆಳಗಿಳಿಸಲು ಎಷ್ಟು ಸುಲಭವಾಗಿ ಒಪ್ಪಿದ್ದರೋ ಮೇಲೆತ್ತಲೂ ಅಷ್ಟೇ ಸುಲಭವಾಗಿ ಒಪ್ಪಿದರು. ಬೈದಿದ್ದರೆ ಅವಳ ಮನಸ್ಸು ಒಂದಿಷ್ಟು ಹಗುರಾಗುತ್ತಿತ್ತು.

ಉಗ್ರಾಣದಲ್ಲಿ ಅರದಣ್ಣ ನಟ್ಟು ಬೋಲ್ಟುಗಳನ್ನು ಡಬ್ಬಿಗಳಿಗೆ ಬೇರ್ಪಡಿಸುತ್ತಿದ್ದ. "ಬಾಮ್ಮ, ಬಾ. ಏನು ಬೇಕಿತ್ತು?" ಎಂದು ಎದ್ದು ಸ್ಟೂಲು ಒರೆಸಿದ.

ಅವಳು ಕೂರಲಿಲ್ಲ. "ಅಣ್ಣ, ನಿನ್ನ ಜೋಡಣೆ ಸರಿಯಾಗಿತ್ತು. ನನ್ನ ಲೆಕ್ಕವೇ ತಪ್ಪಾಗಿತ್ತು." ಅರ್ಧದ ಕಥೆಯನ್ನೆಲ್ಲ ಹೇಳಿದಳು. ಅವನು ಮಗುವಿನ ಮಾತು ಕೇಳುವವನಂತೆ ತಲೆಯಾಡಿಸುತ್ತಿದ್ದ.

"ಇಲ್ಲ ಬಿಡಮ್ಮ. ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ."

"ದೇವರಾಣೆಗೂ ಅಲ್ಲಣ್ಣ. ಪಟ್ಟಿ ನಾನೇ ನೋಡಿದೆ, ಕನ್ನಡಿ ಥರ ಇತ್ತು."

"ಹೊರಗೆ ಕನ್ನಡಿ ಇರಬಹುದು. ಆಮೇಲೆ ಕೂತು ಯೋಚನೆ ಮಾಡಿದೆ ನೋಡು. ಆ ದಿನ ಕೊನೇ ಬೋಲ್ಟು ಬಿಗಿಯುವಾಗ ಕೈ ನಡುಗಿತ್ತು. ನಡುಗಿರಲೇಬೇಕು. ನೀನು ಸುಮ್ಮನೆ ಹೇಳೋಳಲ್ಲ."

"ಅಣ್ಣ, ಕೈ ನಡುಗಿಲ್ಲ. ನಾಳೆ ಬಾ, ಅರ ಹಿಡಿ."

"ಅರ ಬಿಟ್ಟೆನಮ್ಮ." ಒಂದು ನಟ್ಟನ್ನು ಕಣ್ಣ ಹತ್ತಿರ ಹಿಡಿದು ನೋಡಿ, ಯಾವ ಡಬ್ಬಿಗೆಂದು ತಿಳಿಯದೆ ಕೆಳಗಿಟ್ಟ. "ಮನೇಲಿ ಕಿಟಕಿ ಚಿಲಕ ಬಿಗಿಯಾಗಿತ್ತು. ನಮ್ಮನೆಯವಳು ಉಜ್ಜಿಕೊಡಿ ಅಂದ್ಲು. ಬೇಡ ಕಣೇ, ಬೇರೆಯವರನ್ನ ಕರಿ, ನನ್ನ ಕೈ ಮೊದಲಿನ ಹಾಗಿಲ್ಲ ಅಂದೆ. ನಕ್ಕಳು ಪಾಪ, ತಮಾಷೆ ಅಂದ್ಕೊಂಡು."

ಅವನಿಗೆ ತೋರಿಸಲು ಲೆಕ್ಕದಕ್ಕನ ಬಳಿ ಇದ್ದದ್ದು ಇನ್ನೊಂದು ಲೆಕ್ಕ ಮಾತ್ರ. ಮೊದಲ ಲೆಕ್ಕವನ್ನು ಅವನು ಪೂರ್ತಿ ನಂಬಿದ್ದ.

"ನೀನು ಮನಸ್ಸಿಗೆ ಹಚ್ಕೋಬೇಡ" ಎಂದ ಅವನು, ಅವಳ ಮುಖ ನೋಡಿ ಗಾಬರಿಯಾಗಿ. "ನನ್ನಿಂದ ನೀನು ಸಭೇಲಿ ನಾಲ್ಕು ಜನರೆದುರು ನಗೆಪಾಟಲಾದೆ. ಕ್ಷಮಿಸ್ಬಿಡು ಅಂತ ನಾನೇ ಬಂದು ಕೇಳ್ಬೇಕಿತ್ತು. ಬರೋಣ ಅಂತ ಯಾವಾಗ ಅಂದ್ಕೊಂಡರೂ ನೀನು ಕೆಲಸದಲ್ಲಿ..."

ಅವಳು ತಿರುಗಿದಳು. ಕಪಾಟುಗಳ ನಡುವೆ, ಕೈಯಿಂದ ಬಾಯಿ ಒತ್ತಿಕೊಂಡು, ಬಾಗಿಲ ಬೆಳಕಿನತ್ತ ನಡೆದಳು.

"ಇರಮ್ಮ, ಒಂದ್ನಿಮಿಷ ಕೂತ್ಕೊ, ನೀರಾದ್ರೂ..." ಎನ್ನುತ್ತಲೇ ಇದ್ದ ಅವನು.