ಪೆನ್ಸಿಲ್ ಮೇಡಂ ಎಳೆದ ಗೆರೆ

ಕಿವಿಗೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದ ನಮ್ಮ ಕಂಪ್ಯೂಟರ್ ಲ್ಯಾಬಿನ ಮೇಡಂಗೆ ನಾವಿಟ್ಟ ಹೆಸರು ಪೆನ್ಸಿಲ್ ಮೇಡಂ. ಬೇರೆಯವರು ಉತ್ತರ ಸರಿ ಬಂದರೆ ಅಂಕ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಇವರು ಮಾತ್ರ ನಮ್ಮ ಪ್ರೋಗ್ರಾಮನ್ನೂ ತಮ್ಮ ಮಾದರಿ ಪ್ರೋಗ್ರಾಮನ್ನೂ ಅಕ್ಕಪಕ್ಕ ಇಟ್ಟು, ಯೋಚನೆ ಎಲ್ಲಿ ಬೇರೆಯಾಯಿತೋ ಅಲ್ಲಿ ಗೆರೆ ಎಳೆಯುತ್ತಿದ್ದರು.

ಒಂದು ವಾರದ ಅಸೈನ್‌ಮೆಂಟ್, ತರಗತಿಯ ಎರಡನೇ ಅತಿ ಹೆಚ್ಚು ಅಂಕವನ್ನು ಹುಡುಕುವುದು. ನಾನು ಅಂಕಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಎರಡನೆಯದನ್ನು ಎತ್ತಿಕೊಂಡಿದ್ದೆ. ಮೇಡಂ ಕೊಟ್ಟಿದ್ದ ಮೂರು ಪಟ್ಟಿಗಳಿಗೂ ಉತ್ತರ ಸರಿ ಬಂದಿತ್ತು. ಆದರೂ ನನ್ನ ಹಾಳೆಯ ಮೇಲೆ ಗೆರೆ ಬಿತ್ತು. ನನಗೆ ಮೈಯೆಲ್ಲ ಉರಿಯಿತು.

"ಉತ್ತರ ಒಂದೇ ಅಲ್ವಾ ಮೇಡಂ?"

"ಉತ್ತರ ಒಂದೇ, ಯೋಚನೆ ಬೇರೆ. ತೊಂಬತ್ತೆಂಟು, ತೊಂಬತ್ತೆಂಟು, ತೊಂಬತ್ತೈದು ಕೊಟ್ಟು ನೋಡು."

ನನ್ನ ಪ್ರೋಗ್ರಾಮ್ ತೊಂಬತ್ತೆಂಟು ಎಂದಿತು. ಅವರದು ತೊಂಬತ್ತೈದು ಎಂದಿತು.

"ನೀನು ಸಾಲಲ್ಲಿ ಎರಡನೇ ಜಾಗದಲ್ಲಿ ಏನಿದೆ ಅಂತ ನೋಡ್ತೀಯ. ನಾನು ಎಲ್ಲಕ್ಕಿಂತ ದೊಡ್ಡ ಅಂಕಕ್ಕಿಂತ ಕಡಿಮೆ ಇರೋದ್ರಲ್ಲಿ ದೊಡ್ಡದನ್ನ ಹುಡುಕ್ತೀನಿ. ಇಬ್ಬರು ಸಮ ಬಂದಾಗಲೇ ಇದು ಗೊತ್ತಾಗೋದು."

ನಾನೂ ಬಿಡಲಿಲ್ಲ. "ಸಮ ಬಂದ್ರೆ ಏನ್ ಮಾಡ್ಬೇಕು ಅಂತ ಪ್ರಶ್ನೇಲಿ ಎಲ್ಲಿದೆ ಮೇಡಂ?"

ಮೇಡಂ ಪ್ರಶ್ನೆಯನ್ನು ಓದಿದರು, ಮತ್ತೆ ಓದಿದರು. ಆಮೇಲೆ ಪೆನ್ಸಿಲ್ ತೆಗೆದು, ತಮ್ಮದೇ ಪ್ರಶ್ನೆಯ ಕೆಳಗೆ ನನ್ನ ಹಾಳೆಯ ಗೆರೆಗಿಂತ ದಪ್ಪನಾದ ಗೆರೆ ಎಳೆದರು. ನನಗೆ ಪೂರ್ತಿ ಅಂಕ ಬರೆದರು.

ನಾನು ಎದೆಯುಬ್ಬಿಸಿ ಹೊರಟೆ.

"ಎಲ್ಲಿಗೆ ಹೋಗ್ತಿದ್ದೀಯ? ಪ್ರಶ್ನೆ ನಾನು ತಿದ್ದುತ್ತೀನಿ, ಪ್ರೋಗ್ರಾಮ್ ನೀನು ತಿದ್ದು. ಕೂತ್ಕೋ."