ಗುಂಡಿ ಅಕ್ಕ ಅಂಗಡಿ ಮಾರಲಿಲ್ಲ

ಗುಂಡಿ ಅಕ್ಕನದು ಬೀರುವಿನಷ್ಟಗಲದ ಗುಂಡಿ-ದಾರದ ಅಂಗಡಿ. ಎದುರಿನ ದೊಡ್ಡ ಅಂಗಡಿಯ ಸಾಹುಕಾರ ಗುಂಡಿಗಳನ್ನು ಡಜನ್ ಲೆಕ್ಕದಲ್ಲೇ ಮಾರುವವನು. ಅಂಗಿ ಹಿಡಿದು ಒಂದೇ ಗುಂಡಿ ಕೇಳಿ ಬಂದವರನ್ನು ಅಕ್ಕನತ್ತ ಕಳಿಸುತ್ತಿದ್ದ. ಅವಳ ಹೊಟ್ಟೆಪಾಡು ನಡೆಯುತ್ತಿದ್ದುದೇ ಅದರಿಂದ. ಅಂಥವನೇ ಒಂದು ದಿನ ಹೊಟ್ಟೆ ಮುಂದಿಟ್ಟುಕೊಂಡು ಬಂದು, "ಅಂಗಡಿ ನಂಗೆ ಕೊಟ್ಬಿಡಿ ಅಕ್ಕ, ಒಳ್ಳೆ ಬೆಲೆ ಕೊಡ್ತೀನಿ. ಮನೇಲಿ ಆರಾಮಾಗಿರಿ" ಎಂದ.

ಒಲ್ಲೆನೆಂದರೆ ಇವನು ಮುನಿದಾನು, ಗಿರಾಕಿಯೂ ತಪ್ಪೀತು ಎಂಬುದು ಅಕ್ಕನಿಗೆ ಗೊತ್ತಿತ್ತು.

"ನೀವು ಒಳ್ಳೆ ಬೆಲೆನೇ ಕೊಡ್ತೀರಿ ಅಣ್ಣ, ಆದ್ರೆ ಅಂಗಡಿ ಕೊಡಲ್ಲ. ಕೊಟ್ರೆ ದಿನವಿಡೀ ನಮ್ಮ ಯಜಮಾನರ ಮುಖ ನೋಡ್ತಾ ಕೂರ್ಬೇಕು. ಆ ನಷ್ಟ ನೀವು ತುಂಬಿಕೊಡ್ತೀರಾ?"

ಸಾಹುಕಾರ ಹೊಟ್ಟೆ ಕುಲುಕಿಸಿ ನಕ್ಕ. "ನಮ್ಮನೆಯವಳು ಬೆಳಗಾಗ್ತಲೇ ನನ್ನನ್ನ ಅಂಗಡಿಗೆ ಅಟ್ಟೋದೂ ಅದಕ್ಕೇ ಇರ್ಬೇಕು."

ಮಧ್ಯಾಹ್ನವೇ ಅವನ ಕಡೆಯಿಂದ ಒಂಟಿ ಗುಂಡಿಯ ಗಿರಾಕಿಯೊಬ್ಬ ಅಂಗಿ ಹಿಡಿದು ಅಕ್ಕನ ಮುಂದೆ ನಿಂತ.