ಖಾಲಿ ಉಳಿದ ಕಾಲಂ

ಇದನ್ನು ಬರೆಯಲು ಕೂತು ಎದ್ದುಹೋದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಪ್ರತಿ ಸಲವೂ ಏನಾದರೂ ನೆಪ ಸಿಕ್ಕಿತು. ಕನ್ನಡಕ ಒರೆಸಬೇಕಿತ್ತು, ಎಮ್ಮೆಗೆ ನೀರು ಕುಡಿಸಬೇಕಿತ್ತು, ಮೊಮ್ಮಗ ಕರೆದಂತಾಯಿತು. ಇವತ್ತು ಯಾರೂ ಕರೆದಿಲ್ಲ.

ನಾನು ಗಡಿಯಾಚೆ, ಮರಾಠಿ ಸೀಮೆಯ ಜತ್ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಶಿಪಾಯಿಯಾಗಿದ್ದೆ. ಓದಿದ್ದು ಹತ್ತನೆಯತ್ತೆ, ಅಂದರೆ ಹತ್ತನೆಯ ತರಗತಿಯವರೆಗೆ, ಅದೇ ಶಾಲೆಯಲ್ಲಿ. ಗಂಟೆ ಹೊಡೆಯುವುದು, ಗೇಟು ಕಾಯುವುದು, ಟಪಾಲು ಒಯ್ಯುವುದು ನನ್ನ ಕೆಲಸ. ಮಕ್ಕಳಿಗೂ ಮಾಸ್ತರರಿಗೂ ನಾನು ಮಾಮಾ. ಶಾಲೆ ಮರಾಠಿ ಮಾಧ್ಯಮದ್ದು. ಸುತ್ತಲಿನ ಹಳ್ಳಿಗಳಲ್ಲಿ ಏಳನೆಯತ್ತೆಯವರೆಗೆ ಕನ್ನಡದಲ್ಲಿ ಕಲಿತ ಮಕ್ಕಳು ಎಂಟಕ್ಕೆ ನಮ್ಮಲ್ಲಿಗೆ ಬರುತ್ತಿದ್ದರು. ಬಜಾರದ ಮರಾಠಿ ಎಲ್ಲರಿಗೂ ಬರುತ್ತಿತ್ತು. ಪುಸ್ತಕದ ಮರಾಠಿ ಬೇರೆ.

ಮುಚ್ಚಂಡಿ ಕಡೆಯಿಂದ ಬಸ್ಸಿನಲ್ಲಿ ಒಬ್ಬಳು ಹುಡುಗಿ ಬರುತ್ತಿದ್ದಳು. ಅವಳಪ್ಪ ಬೋರಿನ ಮೋಟಾರು ಸುಟ್ಟರೆ ಹೊಸ ತಂತಿ ಸುತ್ತಿಕೊಡುವವನು. ಹುಡುಗಿ ಚುರುಕು. ಆದರೆ ವರ್ಗದಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅವಳು ಬಂದ ಹೊಸತರಲ್ಲಿ ಒಂದು ದಿನ ಗೇಟಿನ ಹತ್ತಿರ ನಾಲ್ಕಾರು ಹುಡುಗರು ನಿಂತಿದ್ದರು. ಅವಳು ತಲೆ ತಗ್ಗಿಸಿ ದಾಟಿದ ಮೇಲೆ, ಅವರನ್ನು ನಗಿಸಲೆಂದು ನಾನು ಅಂದೆ: "ನೋಡ್ರಲೇ, ಮೂಕಿ ಹೊಂಟ್ಳು."

ಅವರು ನಕ್ಕರು. ನನಗೂ ಖುಷಿಯಾಯಿತು. ಆ ಹೆಸರು ಅಲ್ಲಿಂದ ವರ್ಗಕ್ಕೆ ಹೋಯಿತು. ಅವಳ ಕಿವಿಗೆ ಅದು ಬಿದ್ದದ್ದು ಆಮೇಲೆ, ಬೇರೆಯವರ ಬಾಯಿಂದ.

ಅವಳು ಒಂಬತ್ತಕ್ಕೆ ಬಂದ ವರ್ಷ ಶಾಲೆ ಬಿಡುವ ಮಕ್ಕಳು ಹೆಚ್ಚಾದರೆಂದು ಮೇಲಿನಿಂದ ತಾಕೀತು ಬಂತು. ನಮ್ಮಲ್ಲಿ ಹೊಸದಾಗಿ ಬಂದಿದ್ದ ಒಬ್ಬ ಶಿಕ್ಷಕಿ ಇದರ ತರಬೇತಿ ಮುಗಿಸಿಕೊಂಡು ಬಂದರು. ಶಿಕ್ಷಕಿಯರನ್ನು ಕರೆಯುವ ಮರಾಠಿ ರೂಢಿಯಂತೆ ನಾವು ಅವರನ್ನು ಬಾಯಿ ಎನ್ನುತ್ತಿದ್ದೆವು. ಮಗು ಒಂದು ದಿನ ಎದ್ದು ಶಾಲೆ ಬಿಡುವುದಿಲ್ಲ, ಮೊದಲು ಮನಸ್ಸು ಬಿಡುತ್ತದೆ, ಆಮೇಲೆ ದಿನ ತಪ್ಪುತ್ತದೆ, ಮಾರ್ಕು ಇಳಿಯುತ್ತದೆ, ಕೊನೆಗೆ ಹಾಜರಿ ಪುಸ್ತಕದಿಂದ ಹೆಸರು ಹೋಗುತ್ತದೆ ಎಂದು ಅವರು ಹೇಳುತ್ತಿದ್ದರು. ಶಾಲೆಯಲ್ಲಿ ತನ್ನವರು ಎನ್ನುವ ಒಬ್ಬ ದೊಡ್ಡವರಿದ್ದರೆ ಮಗು ನಿಲ್ಲುತ್ತದಂತೆ. ಆದ್ದರಿಂದ ದಿನ ತಪ್ಪಿಸುವ ಮಕ್ಕಳನ್ನು ನಮ್ಮಲ್ಲಿ ಒಬ್ಬೊಬ್ಬರಿಗೆ ವಹಿಸಿದರು. ದಿನಾ ಮಾತಾಡಿಸುವುದು, ಬರದಿದ್ದರೆ ಯಾಕೆಂದು ಕೇಳುವುದು, ಬೈಯದಿರುವುದು. ಕನ್ನಡ ಬಲ್ಲವನೆಂದು ಆ ಹುಡುಗಿಯನ್ನು ನನಗೆ ಕೊಟ್ಟರು.

ಮೊದಮೊದಲು ಅವಳು ಹೂಂ, ಊಹೂಂ ಅಷ್ಟೇ. ಒಂದು ದಿನ ನೀರಿನ ಟಾಕಿಯ ಹತ್ತಿರ ಕೇಳಿದೆ.

"ನಿನ್ನೆ ಯಾಕ ಬರಲಿಲ್ಲವ್ವಾ? ಆರಾಮ ಇರಲಿಲ್ಲೇನು?"

"ಆರಾಮ ಅದೀನ್ರಿ ಮಾಮಾ. ಬಸ್ ಸ್ಟ್ಯಾಂಡಿನಾಗ ಕುಂತು ತಿರಗಿ ಹೋದ್ನಿ."

"ಮನ್ಯಾಗ ಕೆಲಸ ಹಚ್ತಾರೇನು?"

"ಇಲ್ರಿ. ಅಪ್ಪ ಓದು ಅಂತಾನ್ರಿ." ಟಾಕಿಯ ನಲ್ಲಿ ನಿಲ್ಲಿಸಿದಳು. "ವರ್ಗದಾಗ ನಿಂತು ಓದು ಅಂತಾರ್ರಿ. ಒಂದ ಶಬ್ದ ತಪ್ಪಿದ್ರ ಎಲ್ಲಾರೂ ಮೂಕಿ ಮೂಕಿ ಅಂತಾರ. ಮೊನ್ನೆ ಗಣಿತದ ಸರ್ ಹಾಜರಿನೂ ಹಂಗ ಕರದ್ರು."

"ಯಾರು ಇಟ್ರು ಆ ಹೆಸರು?" ಎಂದು ಕೇಳಿದೆ, ಗೊತ್ತಿಲ್ಲದವನಂತೆ.

"ಯಾರಿಗೆ ಗೊತ್ರಿ. ನೀವೊಬ್ರ ಹಂಗ ಅನ್ನಂಗಿಲ್ಲ ನೋಡ್ರಿ."

ಆ ವಾರವೇ ಹೆಡ್‌ಮಾಸ್ತರರ ಕೋಣೆಯಲ್ಲಿ ಮೀಟಿಂಗ್ ಆಯಿತು. ಬಾಯಿ ಹಲಗೆಯ ಮೇಲೆ ಮೂರು ಕಾಲಂ ಎಳೆದರು. ಅವರು ಮರಾಠಿಯಲ್ಲಿ ಹೇಳಿದ್ದನ್ನು ಇಲ್ಲಿಯೂ ಮುಂದೆಯೂ ನನ್ನ ಮಾತಿನಲ್ಲಿ ಬರೆಯುತ್ತೇನೆ. ಮೊದಲನೆಯದು ಎಳೆತ: ಮದುವೆ, ಕಬ್ಬು ಕಡಿಯಲು ಹೋಗುವುದು, ತಮ್ಮನನ್ನು ನೋಡಿಕೊಳ್ಳುವುದು, ಹೀಗೆ ಮಗುವನ್ನು ಶಾಲೆಯಿಂದ ಹೊರಗೆ ಎಳೆಯುವ ಕಾರಣಗಳು. ಎರಡನೆಯದು ದೂಡಿಕೆ: ತಿಳಿಯದ ಭಾಷೆ, ನಪಾಸು, ಹೊಡೆತ, ಅವಮಾನ. ಇಲ್ಲಿ ಶಾಲೆಯೇ ಮಗುವನ್ನು ದೂಡುತ್ತದೆ. ಮೂರನೆಯದು ಜಾರಿಕೆ: ಯಾರೂ ಎಳೆಯುವುದಿಲ್ಲ, ದೂಡುವುದಿಲ್ಲ, ಆಸಕ್ತಿ ಸಡಿಲಾಗಿ ಮಗು ತಾನಾಗಿ ದೂರವಾಗುತ್ತದೆ. ಒಂದೇ ಮಗುವಿಗೆ ಎರಡು ಮೂರು ಕಾರಣ ಇರಬಹುದು. ಆದರೆ ಒಂದೊಂದು ಕಾಲಂಗೆ ಔಷಧ ಬೇರೆ. ಎಳೆತವಿದ್ದರೆ ಮನೆಯವರ ಜೊತೆ ಮಾತಾಡಬೇಕು, ಅವರ ಹೊರೆ ಇಳಿಸಬೇಕು. ದೂಡಿಕೆ ಇದ್ದರೆ ನಾವು ಬದಲಾಗಬೇಕು.

ಒಬ್ಬೊಬ್ಬರೂ ತಮ್ಮ ಪಾಲಿನ ಮಕ್ಕಳ ಕಾರಣ ಹೇಳಿದರು. ಹೆಚ್ಚಿನ ಹೆಸರುಗಳು ಮೊದಲನೆಯ ಕಾಲಂನಲ್ಲೇ ಬಿದ್ದವು. ಮೂರನೆಯದರಲ್ಲಿ ಒಂದೋ ಎರಡೋ. ನಡುವಿನದು ಖಾಲಿ.

"ನಮ್ಮ ಸಾಲಿ ಯಾರನ್ನೂ ದೂಡೂದಿಲ್ಲ ಅಂದಂಗಾತು," ಎಂದರು ಬಾಯಿ. ಗಣಿತದ ಸರ್ ನಕ್ಕರು. "ನಾವೇನು ಗೇಟಿನಾಗ ನಿಂತು ಹೊರಗ ಹಾಕ್ತೀವೇನ್ರಿ? ಗೇಟಿನಾಗ ಮಾಮಾ ಇರ್ತಾನ, ಅವನ್ನ ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಬಾಯಿ ಕೇಳಿದರು, "ಮಾಮಾ, ನಿಮ್ಮ ಹುಡುಗಿದು ಏನು?"

ಅವಳ ಮಾತನ್ನು ಹೇಳಿದರೆ ಗಣಿತದ ಸರ್ ಹೆಸರು ಬರುತ್ತಿತ್ತು. ಮೂಕಿ ಎಂಬ ಹೆಸರು ಇಟ್ಟವರು ಯಾರೆಂದು ಹುಡುಕಿದರೆ ನಾನೇ ಸಿಗುತ್ತಿದ್ದೆ.

"ಲಗ್ನದ ಮಾತು ನಡದೈತ್ರಿ," ಎಂದೆ.

ಬಾಯಿ ಸೀಮೆಸುಣ್ಣ ಹಿಡಿದು ನನ್ನನ್ನೇ ನೋಡಿದರು. "ಅಕಿನ ಹೇಳಿದಳೇನ್ರಿ?" ಹೌದೆಂದೆ. ಅವರು ಮೊದಲನೆಯ ಕಾಲಂನಲ್ಲಿ ಅವಳ ಹೆಸರು ಬರೆದರು.

ಬಾಲ್ಯವಿವಾಹವೆಂದರೆ ಸುಮ್ಮನೆ ಬಿಡುವಂತಿಲ್ಲ. ಮರುದಿನವೇ ಹೆಡ್‌ಮಾಸ್ತರರು, ಬಾಯಿ, ಅವಳ ಊರಿನ ಪಂಚಾಯತಿಯ ಗ್ರಾಮಸೇವಕ ಮತ್ತು ನಾನು ಅವಳ ಮನೆಗೆ ಹೋದೆವು. ಅಪ್ಪ ಮೋಟಾರು ಬಿಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ರಿಪೇರಿಗೆ ಬಂದವರು ಸುತ್ತ ನಿಂತಿದ್ದರು. ಗ್ರಾಮಸೇವಕ ಕಾಯ್ದೆ ಹೇಳತೊಡಗಿದ. ಹದಿನೆಂಟು ತುಂಬದೆ ಲಗ್ನ ಮಾಡಿದರೆ ಜೈಲು ಎಂದ.

"ಯಾರ ಲಗ್ನ?" ಅಪ್ಪ ತಂತಿ ಹಿಡಿದಿದ್ದ ಪಕ್ಕಡ ಕೆಳಗಿಟ್ಟ. "ನನ್ನ ಮಗಳದಾ? ಯಾಂವ ಹೇಳಿದಾಂವ?" ನಮ್ಮವರಾರೂ ನನ್ನ ಹೆಸರು ಹೇಳಲಿಲ್ಲ.

ಸುತ್ತಲಿದ್ದವರಲ್ಲಿ ಒಬ್ಬ, "ಗುಟ್ಟಾಗಿ ಮಾಡಾಂವ ಇದ್ದಿ ಏನೋ? ನಮಗ ಊಟಾ ಇಲ್ಲೇನು?" ಎಂದು ನಗೆಯಾಡಿದ. ಅಪ್ಪನ ಮುಖ ಕಪ್ಪಿಟ್ಟಿತು.

ಹುಡುಗಿ ಬಾಗಿಲಿಗೆ ಬಂದಳು. ಬಾಯಿ ಅವಳ ಹತ್ತಿರ ಹೋಗಿ ಮೆಲ್ಲಗೆ, "ಹೆದರಬ್ಯಾಡ. ಸಾಲಿ ಯಾಕ ತಪ್ಪಸ್ತಿ, ನೀನ ಹೇಳು," ಎಂದರು.

ಅವಳು ನನ್ನನ್ನು ನೋಡಿದಳು. "ಮಾಮಾಗ ಎಲ್ಲಾ ಹೇಳೀನ್ರಿ. ಅವರನ್ನ ಕೇಳ್ರಿ."

ನಾನು ಬಿಚ್ಚಿಟ್ಟ ಮೋಟಾರಿನ ತಂತಿ ನೋಡುತ್ತ ನಿಂತೆ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಒಳಗೆ ಹೋದಳು.

ಅಪ್ಪ ಕೂಗಾಡಲಿಲ್ಲ. "ಓದ್ಲಿ ಅಂತ ಕಳಿಸಿದ್ನಿ. ನಾಕ ಮಂದ್ಯಾಗ ಮರ್ಯಾದಿ ತಗದ್ರಿ. ಸಾಕ್ರಿ ನಿಮ್ಮ ಸಾಲಿ," ಎಂದ. ಬಾಯಿ ಮತ್ತೆ ಮತ್ತೆ ಒಬ್ಬರೇ ಹೋಗಿಬಂದರು. ಅಪ್ಪ ಚಹಾ ಕೊಟ್ಟ, ಮಗಳನ್ನು ಮಾತಿಗೂ ಬಿಡಲಿಲ್ಲ, ಶಾಲೆಗೂ ಕಳಿಸಲಿಲ್ಲ. ಶಾಲೆಯ ವರದಿಯಲ್ಲಿ ಕಾರಣ ಮನೆಯದೇ ಎಂದು ಹೋಯಿತು. ತಮ್ಮ ವಿಧಾನವೇ ಸೋತಿತೆಂದು ಬಾಯಿ ತಿಳಿದರು. ವಿಧಾನದಲ್ಲಿ ತಪ್ಪಿರಲಿಲ್ಲ. ಅದಕ್ಕೆ ಸುಳ್ಳು ಉಣಿಸಿದವನು ನಾನು. ಬಾಯಿ ಬೇರೆ ಊರಿಗೆ ವರ್ಗವಾಗಿ ಹೊರಟ ದಿನವೂ ಅವರ ಟ್ರಂಕು ಬಸ್ಸಿಗೆ ಏರಿಸಿದೆನೇ ಹೊರತು ನಿಜ ಹೇಳಲಿಲ್ಲ. ನಿವೃತ್ತನಾದ ಮೇಲೆ ಫೋನು ಮಾಡಿ ಹೇಳಿದೆ. ಅವರು, "ಅಕಿಗೆ ಹೇಳಿದ್ರೇನ್ರಿ?" ಎಂದು ಕೇಳಿ ಫೋನು ಇಟ್ಟುಬಿಟ್ಟರು.

ಹೋದ ತಿಂಗಳು ಜತ್ ಬಸ್ ಸ್ಟ್ಯಾಂಡಿನಲ್ಲಿ ಅವಳೇ ಸಿಕ್ಕಳು. ಈಗ ಅಪ್ಪನ ಅಂಗಡಿಯಲ್ಲಿ ತಂತಿ ಸುತ್ತುತ್ತಾಳಂತೆ. ಬೆಂಚಿನ ಮೇಲಿನ ಚೀಲ ಸರಿಸಿ, "ಬರ್ರಿ ಮಾಮಾ, ಕುಂದ್ರಿ," ಎಂದಳು. ಕೂತೆ.

"ತಂಗಿ ಏಳನೇತ್ತೆ ಮುಗಸ್ತಾಳ್ರಿ ಈ ವರ್ಷ. ನಿಮ್ಮ ಸಾಲಿಗೆ ಹಾಕೂನು ಅಂತಾನ ಅಪ್ಪ. ನಾ ಬ್ಯಾಡ ಅಂತೀನಿ. ನೀವ ಹೇಳ್ರಿ, ಈಗ ಹೆಂಗೈತ್ರಿ ಅಲ್ಲೆ?"

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಸುತ್ತ ಗುರುತಿನವರು ಯಾರೂ ಇರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಈಗ ಭಾಳ ಚಲೋ ಐತವ್ವಾ," ಎಂದೆ.

ಸಂಖಕ್ಕೆ ಹೋಗುವ ಬಸ್ಸು ಬಂತು. ಅದು ನನ್ನ ಬಸ್ಸಲ್ಲ. ಆದರೂ ಎದ್ದು ಹತ್ತಿಬಿಟ್ಟೆ. ಬಾಯಿಯ ಮುಂದೆ ಒಪ್ಪಿಕೊಂಡೆ, ಹೆಂಡತಿಯ ಮುಂದೆ ಒಪ್ಪಿಕೊಂಡೆ, ಇಗೋ ನಿಮ್ಮ ಮುಂದೆಯೂ. ತಪ್ಪಾಯಿತು ಎಂದು ಯಾರಿಗೆ ಹೇಳಬೇಕಿತ್ತೋ ಅವರಿಗೆ ಮಾತ್ರ ಇನ್ನೂ ಹೇಳಿಲ್ಲ: ಮೋಟಾರು ಸುತ್ತುವವನ ಹಿರಿಯ ಮಗಳಿಗೆ.